ಗೋಡೆಯ ಬಿರುಕು ಬೆಳೆಯುತ್ತಿದೆಯೇ? ಪುಟ್ಟಿ ಹಚ್ಚುವ ಮೊದಲು ಅಳೆದು ನೋಡುವ ಬಗೆ

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಗದ್ದೆ ಬಯಲಿನ ಅಂಚಿನಲ್ಲಿ ನನ್ನ ಅಕ್ಕನ ಮನೆಯಿದೆ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ತಾರಸಿ. ಪಿಲ್ಲರ್‌ಗಳಿಲ್ಲ, ತಾರಸಿಯ ಭಾರವನ್ನೆಲ್ಲ ಗೋಡೆಗಳೇ ಹೊತ್ತಿವೆ. ಕಟ್ಟಿ ಎಂಟು ವರ್ಷವಾದ ಮೇಲೆ ಅಲ್ಲಿ ಎರಡು ಬಿರುಕುಗಳು ಕಾಣಿಸಿಕೊಂಡವು. ಹಾಲಿನ ಪಡುವಣ ಗೋಡೆಯಲ್ಲಿ, ತಾರಸಿಯ ಕೆಳಗೇ, ಅಡ್ಡಲಾಗಿ ಹನ್ನೆರಡು ಅಡಿ ಉದ್ದದ ಬಿರುಕು ಒಂದು. ಅಡುಗೆಮನೆಯ ಮೂಡಣ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಸಣ್ಣ ಬಿರುಕು ಇನ್ನೊಂದು. ಭಾವ ಎರಡಕ್ಕೂ ಎರಡು ಸಲ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದ್ದರು. ಎರಡೂ ಮರಳಿ ಬಂದಿದ್ದವು.

ದೀಪಾವಳಿಗೆ ಹೋದಾಗ ಭಾವ ನನ್ನನ್ನು ಹಾಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದು ಆ ಉದ್ದನೆಯ ಬಿರುಕನ್ನೇ. "ಇದನ್ನು ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಡುಗೆಮನೆಯದು ಬಿಡು, ಸಣ್ಣದು" ಎಂದರು. ಒಂದು ವರ್ಷ ಅಳೆದು ನೋಡಿದ ಮೇಲೆ ತಿಳಿದದ್ದು ಇದಕ್ಕೆ ತೀರ ಉಲ್ಟಾ: ಹಾಲಿನದು ಬಿಸಿಲಿನ ಆಟ, ಅಡುಗೆಮನೆಯದು ಪಾಯದ ದೋಷ. ಆ ವರ್ಷ ಏನೇನು ಮಾಡಿದೆವು ಎಂಬುದನ್ನು ನೀವೂ ಮಾಡಿ ನೋಡಬಹುದಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕಾಯಬಾರದ ಬಿರುಕುಗಳು

ಅಳೆಯುತ್ತ ಕೂರುವುದಕ್ಕೆ ಸಮಯವಿಲ್ಲದ ಬಿರುಕುಗಳೂ ಇರುತ್ತವೆ. ಪಿಲ್ಲರ್‌ನಲ್ಲಿ ಅಥವಾ ಬೀಮ್‌ನಲ್ಲಿ ಓರೆ ಬಿರುಕು ಕಂಡರೆ, ಪಿಲ್ಲರ್ ಮತ್ತು ಬೀಮ್‌ನಲ್ಲಿ ಕಂಬಿಯ ಜಾಡಿನಲ್ಲೇ ಉದ್ದಕ್ಕೆ ಸೀಳಿ ತುಕ್ಕಿನ ಕಂದು ಕಲೆ ಇಳಿದಿದ್ದರೆ, ತಾರಸಿಯ ಅಡಿಯಿಂದ ಕಾಂಕ್ರೀಟಿನ ಚಕ್ಕೆ ಉದುರಿ ಕಂಬಿ ಕಾಣುತ್ತಿದ್ದರೆ ಅದೇ ವಾರ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬಿರುಕಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ಮುಂದಕ್ಕೆ ಚಾಚಿದ್ದರೆ, ಬಿರುಕು ಐದು ಮಿಲಿಮೀಟರ್ ದಾಟಿದ್ದರೆ, ಅಥವಾ ನಿನ್ನೆ ಇಲ್ಲದ ಬಿರುಕು ಇವತ್ತು ಬೆರಳು ತೂರುವಷ್ಟು ಅಗಲವಾಗಿದ್ದರೆ ಆ ಗೋಡೆಯ ಪಕ್ಕದಲ್ಲಿ ಮಲಗುವುದನ್ನು ಮೊದಲು ನಿಲ್ಲಿಸಿ, ಆಮೇಲೆ ಫೋನ್ ಮಾಡಿ. ಮೈಸೂರಿನ ಬಡಾವಣೆಗಳಲ್ಲಿ ಈಗ ಪಕ್ಕದ ಸೈಟಿನಲ್ಲಿ ನೆಲಮಾಳಿಗೆಗೆಂದು ಹತ್ತಡಿ ಅಗೆಯುವುದು ಸಾಮಾನ್ಯವಾಗಿದೆ. ಅಗೆತ ನಡೆದಿರುವಾಗ ನಿಮ್ಮ ಗೋಡೆಯಲ್ಲಿ ಹೊಸ ಬಿರುಕು ಬಂದರೆ ಅದನ್ನೂ ಈ ಗುಂಪಿಗೇ ಸೇರಿಸಿ.

ಮುಂದೆ ಹೇಳುವುದೆಲ್ಲ ಉಳಿದ ಬಿರುಕುಗಳಿಗೆ.

ಬಿರುಕು ಪ್ಲಾಸ್ಟರಿನದೋ, ಗೋಡೆಯದೋ

ಗೋಡೆಯ ಎರಡೂ ಮಗ್ಗುಲನ್ನು ನೋಡುವುದು ಮೊದಲ ಕೆಲಸ. ಒಳಗೆ ಕಂಡ ಬಿರುಕು ಹೊರಗೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇದೆಯೇ? ಒಳಗೆ ಮಾತ್ರ ಇದ್ದರೆ ಹೆಚ್ಚಿನ ಪಾಲು ಅದು ಮೇಲಿನ ಪ್ಲಾಸ್ಟರಿನದೇ. ಬೆರಳ ಗೆಣ್ಣಿನಿಂದ ಬಿರುಕಿನ ಅಕ್ಕಪಕ್ಕ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರು ಇಟ್ಟಿಗೆಯನ್ನು ಬಿಟ್ಟು ಎದ್ದಿದೆ ಎಂದರ್ಥ. ಗೋಡೆಯ ಮೇಲೆ ಒಣಗಿದ ಕೆರೆಯಂಗಳದಂತೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆ ಬಿರುಕುಗಳು ಸಿಮೆಂಟು ಹೆಚ್ಚಾಗಿ, ನೀರುಣಿಸುವುದು ಕಡಿಮೆಯಾಗಿ ಬಂದವು. ಪಿಲ್ಲರ್ ಇರುವ ಮನೆಗಳಲ್ಲಿ ಪಿಲ್ಲರ್ ಮತ್ತು ಇಟ್ಟಿಗೆ ಸೇರುವ ಕಡೆ ನೂಲು ಹಿಡಿದಂತೆ ನೇರವಾಗಿ ಏಳುವ ಬಿರುಕು, ಆ ಜಾಗಕ್ಕೆ ಕೋಳಿ ಜಾಲರಿ ಹೊಡೆಯದೆ ಪ್ಲಾಸ್ಟರ್ ಮಾಡಿದ್ದರ ಫಲ. ಇವುಗಳಿಂದ ಮನೆಗೆ ಅಪಾಯವಿಲ್ಲ.

ಅನುಮಾನ ಉಳಿದರೆ ಬಿರುಕಿನ ಮೇಲೆ ನಾಲ್ಕಿಂಚು ಚೌಕದಷ್ಟು ಪ್ಲಾಸ್ಟರನ್ನು ಚಾಣದಿಂದ ಎಬ್ಬಿಸಿ ನೋಡಿ. ಹೆಂಡತಿಯೋ ಅಮ್ಮನೋ ಬೇಡವೆನ್ನಬಹುದು, ಆದರೂ ನೋಡಿ. ಒಳಗಿನ ಇಟ್ಟಿಗೆ, ಗಾರೆ ಎರಡೂ ಗಟ್ಟಿಯಾಗಿದ್ದರೆ ಮುಚ್ಚಿ ಮರೆತುಬಿಡಬಹುದು. ಅಕ್ಕನ ಅಡುಗೆಮನೆಯಲ್ಲಿ ನಾವು ಹಾಗೆ ಎಬ್ಬಿಸಿದಾಗ, ಬಿರುಕು ಇಟ್ಟಿಗೆಗಳ ನಡುವಿನ ಗಾರೆಯನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕಾಣಿಸಿತು. ಒಂದು ಕಡೆ ಇಟ್ಟಿಗೆಯೇ ಎರಡು ಹೋಳಾಗಿತ್ತು. ಹೊರಗೆ ಹೋಗಿ ನೋಡಿದರೆ ಅಲ್ಲಿಯೂ ಅದೇ ಮೆಟ್ಟಿಲು. ಹಾಗಾದರೆ ಇದು ಪ್ಲಾಸ್ಟರಿನದಲ್ಲ.

ಅಗಲವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಬಿಳಿ ಗೋಡೆಯ ಮೇಲೆ ಕಪ್ಪು ಗೆರೆ ಯಾವಾಗಲೂ ಇರುವುದಕ್ಕಿಂತ ದಪ್ಪವಾಗಿಯೇ ಕಾಣುತ್ತದೆ. ಜೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ, ಎಟಿಎಂ ಕಾರ್ಡು ಸುಮಾರು ಮುಕ್ಕಾಲು ಮಿ.ಮೀ. ಕಾಗದವೂ ಹೋಗದ ಬಿರುಕು ಕೂದಲೆಳೆ. ಕಾರ್ಡು ಸಲೀಸಾಗಿ ಇಳಿಯುವ ಬಿರುಕು ನಿಮ್ಮ ಗಮನ ಕೇಳುತ್ತಿದೆ.

ಓರೆ ಬಿರುಕು ಯಾವ ಕಡೆ ಕುಸಿದಿದೆ ಎಂದು ಹೇಳುತ್ತದೆ

ಗೋಡೆಯ ಆಳಕ್ಕೂ ಹೋದ ಬಿರುಕು ಎಂದು ಗೊತ್ತಾದ ಮೇಲೆ ಅದರ ಆಕಾರವನ್ನು ಓದಬೇಕು. ಪಾಯ ಒಂದೇ ಸಮನಾಗಿ ಒಂದಂಗುಲ ಇಳಿದರೂ ಗೋಡೆ ಬಿರಿಯುವುದಿಲ್ಲ. ಮನೆಯೆಲ್ಲ ಒಟ್ಟಿಗೆ ಇಳಿದಿರುತ್ತದೆ. ಒಂದು ಮೂಲೆ ಮಾತ್ರ ಇಳಿದು ಉಳಿದದ್ದು ನಿಂತಲ್ಲೇ ನಿಂತರೆ ಗೋಡೆ ಓರೆಯಾಗಿ ಸೀಳುತ್ತದೆ. ಹಾಗೆ ಸೀಳಿದ ಬಿರುಕು ಕುಸಿದ ಕಡೆಗೆ ಮೇಲೇರುತ್ತದೆ. ಗೋಡೆಯ ಬಲ ತುದಿ ಕೂತಿದ್ದರೆ ಬಿರುಕು ಎಡಗಡೆ ಕೆಳಗಿನಿಂದ ಹೊರಟು ಬಲಗಡೆ ಮೇಲಕ್ಕೆ ಹೋಗುತ್ತದೆ. ಗೋಡೆಯ ನಡುಭಾಗ ಕೂತಿದ್ದರೆ ಎರಡು ಬಿರುಕುಗಳು ಎರಡೂ ಕಡೆಯಿಂದ ನಡುವಿನತ್ತ ಏರಿ, ಗುಡಿಸಲಿನ ಚಾವಣಿಯಂತೆ ಕಾಣುತ್ತವೆ.

ಅಗಲವೂ ಒಂದು ಸುಳಿವು. ತುದಿ ಕೂತಾಗ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ನಡುವೆ ಕೂತಾಗ ಕೆಳಗೆ ಅಗಲ, ಮೇಲೆ ಸಣ್ಣ. ಇಂಥ ಬಿರುಕು ಹೆಚ್ಚಾಗಿ ಕಿಟಕಿ ಬಾಗಿಲುಗಳ ಮೂಲೆಗಳನ್ನೇ ಹಿಡಿಯುತ್ತದೆ, ಏಕೆಂದರೆ ಗೋಡೆ ಅಲ್ಲಿ ಎಲ್ಲಕ್ಕಿಂತ ದುರ್ಬಲ. ಆದ್ದರಿಂದ ಕಿಟಕಿಯ ಮೇಲೊಂದು, ಕೆಳಗೊಂದು ಬಿರುಕಿದ್ದರೆ ಅವನ್ನು ಎರಡು ಎಂದುಕೊಳ್ಳುವ ಮೊದಲು, ಕಿಟಕಿಯನ್ನು ಹಾದು ಅವೆರಡೂ ಒಂದೇ ಗೆರೆಯಾಗುತ್ತವೆಯೇ ಎಂದು ಸ್ಕೇಲ್ ಹಿಡಿದು ನೋಡಿ.

ಅಕ್ಕನ ಅಡುಗೆಮನೆಯಲ್ಲಿ ಆಗಿದ್ದು ಅದೇ. ಒಳಗೆ ನಿಂತು ಮೂಡಣ ಗೋಡೆಯನ್ನು ನೋಡಿದರೆ, ಕಿಟಕಿಯ ಕೆಳಗಿನ ಎಡಮೂಲೆಯಿಂದ ಕೂದಲೆಳೆಯಷ್ಟು ಬಿರುಕು ನೆಲದತ್ತ ಇಳಿದಿತ್ತು. ಮೇಲಿನ ಬಲಮೂಲೆಯಿಂದ ತಾರಸಿಯ ಕಡೆಗೆ ಏರಿದ್ದು ಎಟಿಎಂ ಕಾರ್ಡು ಇಳಿದು ಇನ್ನೂ ಅಲ್ಲಾಡುವಷ್ಟು ಅಗಲವಾಗಿತ್ತು. ಎರಡನ್ನೂ ಜೋಡಿಸಿದರೆ ಒಂದೇ ಓರೆ ಗೆರೆ, ಬಲಕ್ಕೆ, ಅಂದರೆ ಮನೆಯ ಆಗ್ನೇಯ ಮೂಲೆಯ ಕಡೆಗೆ ಏರುತ್ತಿದೆ. ಮೇಲೆ ಅಗಲ, ಕೆಳಗೆ ಸಣ್ಣ. ಆಗ್ನೇಯ ಮೂಲೆ ಕೂತಿದೆ ಎಂದು ಗೋಡೆಯೇ ಬರೆದು ತೋರಿಸಿದಂತಿತ್ತು.

ಇದನ್ನು ಖಾತ್ರಿ ಮಾಡಿಕೊಳ್ಳಲು ಮೇಸ್ತ್ರಿಗಳ ಬಳಿ ಇರುವ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ಮನೆಯ ಸುತ್ತ ಪ್ಲಿಂತಿನ ಮೇಲ್ಗೆರೆಯನ್ನು ಆಧಾರವಾಗಿಟ್ಟುಕೊಂಡು ನಾಲ್ಕೂ ಮೂಲೆಗಳ ಮಟ್ಟ ನೋಡಿದೆವು. ಮೂರು ಮೂಲೆಗಳಲ್ಲಿ ವ್ಯತ್ಯಾಸ ನಾಲ್ಕು ಮಿ.ಮೀ. ಒಳಗೆ. ಆಗ್ನೇಯ ಮೂಲೆ 14 ಮಿ.ಮೀ. ಕೆಳಗಿತ್ತು. ಕಟ್ಟುವಾಗಲೇ ಮಟ್ಟದಲ್ಲಿ ಹತ್ತು ಮಿ.ಮೀ.ವರೆಗೆ ಏರುಪೇರಾಗುವುದುಂಟು, ಹಾಗಾಗಿ ಈ ಅಂಕಿಯೊಂದರಿಂದಲೇ ತೀರ್ಪು ಕೊಡಬಾರದು. ಆದರೆ ಬಿರುಕಿನ ಆಕಾರ, ಅಗಲ, ಮಟ್ಟ ಮೂರೂ ಒಂದೇ ಮೂಲೆಯನ್ನು ತೋರಿಸಿದರೆ ನಂಬಬಹುದು.

ಬಿಸಿಲಿಗೆ ಬಾಯಿ ಬಿಡುವ ಬಿರುಕು

ಈಗ ಹಾಲಿನ ಉದ್ದನೆಯ ಬಿರುಕು. ಕಾಂಕ್ರೀಟು ಹತ್ತು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 0.1 ಮಿ.ಮೀ. ಉದ್ದವಾಗುತ್ತದೆ. ಅಕ್ಕನ ಮನೆಯ ತಾರಸಿ ತೆಂಕಣದಿಂದ ಬಡಗಣಕ್ಕೆ 33 ಅಡಿ, ಅಂದರೆ ಹತ್ತು ಮೀಟರ್. ಬೆಳಗಿನ ಜಾವದ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ತಾರಸಿಯ ಬಿಸಿ ಹತ್ತು ಹದಿನೈದು ಡಿಗ್ರಿ ಏರಿದರೆ ತಾರಸಿ ಒಂದರಿಂದ ಒಂದೂವರೆ ಮಿ.ಮೀ. ಹಿಗ್ಗುತ್ತದೆ. ನೆರಳಿನಲ್ಲಿರುವ ಗೋಡೆ ಅಷ್ಟು ಹಿಗ್ಗುವುದಿಲ್ಲ. ಎರಡೂ ಅಂಟಿಕೊಂಡಿರುವುದರಿಂದ, ಅವು ಸೇರುವ ಸಾಲಿನಲ್ಲಿ, ತಾರಸಿಯ ಕೆಳಗೇ, ಅಡ್ಡಡ್ಡಲಾಗಿ ಬಿರಿಯುತ್ತದೆ. ಇಂಥ ಬಿರುಕು ಮೇಲಿನ ಅಂತಸ್ತಿನಲ್ಲಿ ಮಾತ್ರ ಬರುತ್ತದೆ, ಪಡುವಣ ಮತ್ತು ತೆಂಕಣ ಗೋಡೆಗಳಲ್ಲಿ ಹೆಚ್ಚು.

ಇದನ್ನು ಒಂದೇ ದಿನದಲ್ಲಿ ಪತ್ತೆ ಹಚ್ಚಬಹುದು. ಬೆಳಿಗ್ಗೆ ಆರೂವರೆಗೆ, ಗೋಡೆಯ ತುದಿಯ ಹತ್ತಿರ, ಬಿರುಕಿನ ಮೇಲಿಂದ ಕೆಳಕ್ಕೆ ಮೊನಚು ಪೆನ್ಸಿಲ್ಲಿನಿಂದ ಒಂದು ನೇರ ಗೆರೆ ಎಳೆಯಿರಿ. ಸಂಜೆ ನಾಲ್ಕಕ್ಕೆ ಬಂದು ನೋಡಿ. ಭಾವನಿಗೆ ಏಣಿ ಹತ್ತಿಸಿ ತೋರಿಸಿದಾಗ ಗೆರೆಯ ಮೇಲಿನ ತುಂಡು ಕೆಳಗಿನ ತುಂಡಿಗಿಂತ ಸುಮಾರು ಅರ್ಧ ಮಿ.ಮೀ. ಬಡಗಣಕ್ಕೆ ಸರಿದಿತ್ತು. ಮರುದಿನ ಬೆಳಿಗ್ಗೆ ಎರಡೂ ಮತ್ತೆ ಒಂದೇ ಗೆರೆಯಾಗಿದ್ದವು. ಅವರು ಬಹಳ ಹೊತ್ತು ಏಣಿಯ ಮೇಲೇ ನಿಂತು ಅದನ್ನು ನೋಡಿದರು.

ಇದಕ್ಕೆ ಸಿಮೆಂಟು ತುಂಬಿದರೆ ಮತ್ತೆ ಬಿಡುತ್ತದೆ, ಏಕೆಂದರೆ ತಾರಸಿ ನಾಳೆಯೂ ಹಿಗ್ಗಬೇಕು. ಬಣ್ಣದಂಗಡಿಗಳಲ್ಲಿ ಸಿಗುವ, ರಬ್ಬರಿನಂತೆ ಹಿಗ್ಗಿ ಕುಗ್ಗುವ, ಬಣ್ಣ ಹಿಡಿಯುವ ಸೀಲಂಟ್ ತುಂಬಿ, ತಾರಸಿಯ ಮೇಲೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಹೊಡೆಸುವುದು ಸರಿಯಾದ ದಾರಿ. ಭಾವ ಅದನ್ನೇ ಮಾಡಿಸಿದರು, ಆ ಬಿರುಕಿನ ಕತೆ ಅಲ್ಲಿಗೆ ಮುಗಿಯಿತು.

ಎರಡು ಸ್ಕ್ರೂ, ಒಂದು ಕ್ಯಾಲಿಪರ್

ಅಡುಗೆಮನೆಯದಕ್ಕೆ ಕಾಲ ಬೇಕಿತ್ತು. ಮೂಲೆ ಕೂತಿದೆ ಎಂದು ಆಕಾರ ಹೇಳಿತು. ಯಾವಾಗಲೋ ಕೂತು ನಿಂತುಬಿಟ್ಟಿದೆಯೋ, ಇನ್ನೂ ಇಳಿಯುತ್ತಿದೆಯೋ ಎಂಬುದನ್ನು ಆಕಾರ ಹೇಳುವುದಿಲ್ಲ. ಹೊಸ ಮನೆಗಳು ಮೊದಲೆರಡು ವರ್ಷ ಸ್ವಲ್ಪ ಕೂರುತ್ತವೆ, ಆಮೇಲೆ ನಿಲ್ಲುತ್ತವೆ. ನಿಂತ ಬಿರುಕಿಗೆ ಪಾಯ ಅಗೆಸಿ ಲಕ್ಷಗಟ್ಟಲೆ ಸುರಿಯುವುದು ದಂಡ. ಇಳಿಯುತ್ತಿರುವ ಬಿರುಕಿಗೆ ಪುಟ್ಟಿ ಹಚ್ಚುವುದು ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅದು ಎಷ್ಟು ಬೆಳೆಯಿತು ಎಂಬ ಸಾಕ್ಷಿಯನ್ನೇ ಮುಚ್ಚಿಬಿಡುತ್ತದೆ. ಭಾವ ಎರಡು ಸಲ ಮುಚ್ಚಿಸಿದ್ದರಿಂದ ನಮಗೆ ಹಿಂದಿನ ಮಾಹಿತಿ ಏನೂ ಸಿಗಲಿಲ್ಲ.

ಹಳೆಯ ಕಾಲದಿಂದ ಬಂದ ಪದ್ಧತಿಯೆಂದರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವುದು. ಗಾಜು ಒಡೆದರೆ ಗೋಡೆ ಅಲ್ಲಾಡಿದೆ ಎಂದರ್ಥ. ನಾನು ಇದನ್ನು ಈಗ ಶಿಫಾರಸು ಮಾಡುವುದಿಲ್ಲ. ಒಡೆದದ್ದು ಎಷ್ಟಕ್ಕೆ ಎಂದು ಗಾಜು ಹೇಳುವುದಿಲ್ಲ, ಒಮ್ಮೆ ಒಡೆದರೆ ಅದರ ಕೆಲಸ ಮುಗಿಯಿತು. ಅಂಟು ಬಿಟ್ಟರೆ ಗಾಜು ಒಡೆಯದೆಯೂ ಗೋಡೆ ಅಲ್ಲಾಡಿರಬಹುದು.

ಇದಕ್ಕಿಂತ ಒಳ್ಳೆಯದು ಎರಡು ಸ್ಕ್ರೂಗಳು. ಬಿರುಕಿನ ಅತಿ ಅಗಲವಾದ ಜಾಗದಲ್ಲಿ, ಬಿರುಕಿಗೆ ಅಡ್ಡಲಾಗಿ, ಎರಡೂ ಕಡೆ ಒಂದೊಂದು ರಂಧ್ರ ಕೊರೆಸಿ. ಎರಡರ ನಡುವೆ ನೂರು ಮಿ.ಮೀ. ಅಂತರವಿರಲಿ. ರಂಧ್ರ ಪ್ಲಾಸ್ಟರನ್ನು ದಾಟಿ ಇಟ್ಟಿಗೆಯೊಳಗೆ ಎರಡಿಂಚಾದರೂ ಹೋಗಬೇಕು, ಗಾರೆಯ ಸಂದಿಗೆ ಬೀಳಬಾರದು. ಪ್ಲಾಸ್ಟರಿನಲ್ಲಷ್ಟೇ ಸಿಕ್ಕಿಸಿದರೆ ಪ್ಲಾಸ್ಟರು ಎದ್ದದ್ದನ್ನು ಅಳೆದಂತಾಗುತ್ತದೆ, ಗೋಡೆಯನ್ನಲ್ಲ. ಪ್ಲಾಸ್ಟಿಕ್ ಪ್ಲಗ್ ಹಾಕಿ, ತುಕ್ಕು ಹಿಡಿಯದ ಸ್ಕ್ರೂಗಳನ್ನು ತಲೆ ಅರ್ಧ ಇಂಚು ಹೊರಗೆ ಉಳಿಯುವಂತೆ ಬಿಗಿ ಮಾಡಿ. ಆಮೇಲೆ ಅವನ್ನು ಯಾರೂ ತಿರುಗಿಸಬಾರದು. ಕ್ಯಾಲೆಂಡರ್ ನೇತುಹಾಕಲು ಅಂತೂ ಬೇಡವೇ ಬೇಡ. ಅಂತರ ಅಳೆಯುವ ಸಾಧನವಾದ ಕ್ಯಾಲಿಪರಿನ ದವಡೆ ಪ್ರತಿ ಸಲವೂ ತಲೆಯ ಅದೇ ಜಾಗವನ್ನು ಮುಟ್ಟಬೇಕು, ಅದಕ್ಕಾಗಿ ಎರಡೂ ತಲೆಗಳ ಹೊರ ಅಂಚಿನಲ್ಲಿ ಉಗುರು ಬಣ್ಣದಿಂದ ಒಂದು ಚುಕ್ಕಿ ಇಡಿ. ಅಕ್ಕನ ಮನೆಯ ಕೆಂಪು ಚುಕ್ಕಿಗಳು ಈಗಲೂ ಅಲ್ಲಿವೆ.

ಅಳತೆಗೆ ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಪರದೆ ಎರಡು ದಶಾಂಶ ತೋರಿಸಿದರೂ ನಮ್ಮ ಕೈ 0.1 ಮಿ.ಮೀ.ಗಿಂತ ಸೂಕ್ಷ್ಮವಲ್ಲ. ಆದ್ದರಿಂದ ಮೂರು ಸಲ ಅಳೆದು ಸರಾಸರಿ ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ, ಯಾವಾಗಲೂ ಬೆಳಿಗ್ಗೆ ಏಳಕ್ಕೆ. ಬಿಸಿಲಿನ ಹೊತ್ತಿಗೆ ಒಂದು ದಿನ, ತಂಪಿನಲ್ಲಿ ಇನ್ನೊಂದು ದಿನ ಅಳೆದರೆ ಗೋಡೆಯನ್ನು ಬಿಟ್ಟು ಬಿಸಿಲನ್ನು ಅಳೆಯುತ್ತಿರುತ್ತೀರಿ.

ಬಿರುಕಿನ ಎರಡೂ ತುದಿಗಳು ಮುಗಿಯುವ ಕಡೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಉದ್ದವಾದರೆ ಗೆರೆಯನ್ನು ದಾಟುತ್ತದೆ. ಅಗಲಕ್ಕಿಂತ ಮೊದಲು ಉದ್ದವೇ ಬೆಳೆಯುವುದನ್ನು ಎಷ್ಟೋ ಗೋಡೆಗಳಲ್ಲಿ ಕಂಡಿದ್ದೇನೆ. ಜೊತೆಗೆ ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಸ್ಕೇಲ್ ಇಲ್ಲದ ಚಿತ್ರದಿಂದ ಯಾವ ಎಂಜಿನಿಯರಿಗೂ ಉಪಯೋಗವಿಲ್ಲ.

ಪುಸ್ತಕದಲ್ಲಿ ಬರೆಯಬೇಕಾದ್ದು ಅಂಕಿ ಮಾತ್ರವಲ್ಲ

ಅಕ್ಕ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳನ್ನು ಇದಕ್ಕೆ ಕೊಟ್ಟರು. ದಿನಾಂಕ, ಮೂರು ಅಳತೆ, ಸರಾಸರಿ, ಮತ್ತೊಂದು ಅಂಕಣದಲ್ಲಿ ಆ ಹದಿನೈದು ದಿನ ನಡೆದದ್ದು: ಮಳೆ ಬಂತೋ, ನಾಲೆಗೆ ನೀರು ಬಿಟ್ಟರೋ ನಿಲ್ಲಿಸಿದರೋ, ಪಕ್ಕದ ಗದ್ದೆಯಲ್ಲಿ ನೀರು ನಿಂತಿತ್ತೋ, ಯಾರಾದರೂ ಬೋರ್ ಕೊರೆಸಿದರೋ.

ನಮ್ಮ ಭಾಗದಲ್ಲಿ ಈ ಅಂಕಣ ಬಹಳ ಮುಖ್ಯ. ಎರೆ ಮಣ್ಣಿರುವ ಕಡೆಗಳಲ್ಲಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣಿನ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ನೀವು ಕಂಡಿರುತ್ತೀರಿ. ಅಂಥ ಮಣ್ಣಿನ ಮೇಲೆ ಕಡಿಮೆ ಆಳದ ಪಾಯ ಹಾಕಿದ ಮನೆಯ ಮೂಲೆಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಳಿಯುತ್ತವೆ, ಬಿರುಕು ಬಾಯಿ ಬಿಡುತ್ತದೆ. ಮೇ ತಿಂಗಳ ಮಳೆಗೆ ಸ್ವಲ್ಪ, ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಅಳತೆ ಪೂರ್ತಿ ಒಂದು ವರ್ಷ ನಡೆಯಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಅಳೆದವರು, ಋತುವಿನ ಬಿರುಕನ್ನು ಬೆಳೆಯುವ ಬಿರುಕೆಂದು ತಿಳಿದು ಹೆದರುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಅಳೆದವರು ಬಿರುಕು ವಾಸಿಯಾಯಿತೆಂದು ನೆಮ್ಮದಿಯಾಗಿ ಪುಟ್ಟಿ ಹಚ್ಚುತ್ತಾರೆ. ಡಿಸೆಂಬರನ್ನು ಮುಂದಿನ ಡಿಸೆಂಬರಿನ ಜೊತೆ ಹೋಲಿಸಿ. ಋತುವಿನ ಬಿರುಕು ವರ್ಷ ತಿರುಗಿದಾಗ ಹೊರಟ ಅಂಕಿಗೇ ಹಿಂದಿರುಗುತ್ತದೆ.

ಅಡುಗೆಮನೆಯ ಪುಟ ಹೀಗಿತ್ತು. ಡಿಸೆಂಬರ್ ಮಧ್ಯದಲ್ಲಿ ಸ್ಕ್ರೂಗಳ ಹೊರ ಅಂಚಿನ ಅಂತರ 108.4 ಮಿ.ಮೀ. ಜನವರಿ ಮಧ್ಯದಲ್ಲಿ 108.5. ಇಷ್ಟಕ್ಕೆ ಏನೂ ಹೇಳಲಾಗದು, 0.1 ಕೈಯ ತಪ್ಪೂ ಇರಬಹುದು. ಫೆಬ್ರವರಿಯಲ್ಲಿ 108.7, ಮಾರ್ಚ್‌ನಲ್ಲಿ 108.9, ಏಪ್ರಿಲ್‌ನಲ್ಲಿ 109.1. ಬೇಸಿಗೆ, ಮಣ್ಣು ಒಣಗುತ್ತಿದೆ, ಋತುವಿನದೇ ಇರಬಹುದು ಎಂದುಕೊಂಡೆವು. ಮೇ ತಿಂಗಳಲ್ಲಿ ಮೂರು ದೊಡ್ಡ ಮಳೆಗಳಾದವು. ಮುಚ್ಚಿಕೊಳ್ಳಬೇಕಿದ್ದ ಬಿರುಕು ಮೇ ಮಧ್ಯಕ್ಕೆ 109.3, ಮೇ ಕೊನೆಗೆ 109.5. ಮಳೆಗೆ ಮುಚ್ಚುವ ಬದಲು ಹೆಚ್ಚು ಬೇಗ ತೆರೆಯಿತು. ಕಿಟಕಿಯ ಮೇಲಿನ ಪೆನ್ಸಿಲ್ ಗೆರೆಯನ್ನೂ ಬಿರುಕು ಎರಡಿಂಚು ದಾಟಿತ್ತು.

ಸತತ ಮೂರು ಅಳತೆಗಳು ಒಂದೇ ದಿಕ್ಕಿಗೆ ಹೋಗಿ, ಒಟ್ಟು ಬದಲಾವಣೆ 0.3 ಮಿ.ಮೀ. ದಾಟಿ, ಋತು ಬದಲಾದರೂ ಹಿಂದಿರುಗದಿದ್ದರೆ ನಾನು ಅದನ್ನು ಬೆಳೆಯುವ ಬಿರುಕು ಎಂದೇ ಎಣಿಸುತ್ತೇನೆ. ಈ ಅಂಕಿ ನನ್ನ ಅನುಭವದ್ದು, ಯಾವ ನಿಯಮಾವಳಿಯದೂ ಅಲ್ಲ.

ಕಾರಣ ಹುಡುಕಿದ್ದು

ಮಳೆಗೆ ಬಿರುಕು ತೆರೆಯಿತು ಎಂದರೆ ಆ ಮೂಲೆಯ ಕೆಳಗಿನ ಮಣ್ಣು ನೀರು ಕುಡಿದಾಗ ಉಬ್ಬುತ್ತಿಲ್ಲ, ಕುಸಿಯುತ್ತಿದೆ. ನೀರಿಗೆ ಕುಸಿಯುವುದು ಗಟ್ಟಿಯಾಗಿ ದಮ್ಮಸು ಮಾಡದ ಭರ್ತಿ ಮಣ್ಣು. ಆ ಮೂಲೆಯಲ್ಲಿ ಭರ್ತಿ ಮಣ್ಣು ಏಕೆ ಬಂತು ಎಂಬುದು ಎಂಜಿನಿಯರಿಗಿಂತ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆವು. "ಅಲ್ಲಿ ನಿಮ್ಮ ಮಾವನವರ ಕಾಲದ ತಿಪ್ಪೆಗುಂಡಿ ಇತ್ತಲ್ಲವೇನಪ್ಪ. ಮನೆ ಕಟ್ಟುವಾಗ ಮಣ್ಣು ಹೊಡೆಸಿ ಮುಚ್ಚಿಸಿದರು" ಎಂದರು. ಪಾಯ ತೋಡುವಾಗ ಎಲ್ಲ ಕಡೆ ಮೂರೂವರೆ ಅಡಿ ತೋಡಿದ್ದರು. ಮೂರು ಮೂಲೆಗಳಲ್ಲಿ ಅಷ್ಟಕ್ಕೆ ಗಟ್ಟಿ ಮಣ್ಣು ಸಿಕ್ಕಿತ್ತು. ನಾಲ್ಕನೆಯದರಲ್ಲಿ ತಿಪ್ಪೆಯ ಮಣ್ಣಿನ ಮೇಲೇ ಸೈಜುಗಲ್ಲು ಕೂರಿಸಿದ್ದರು.

ಆದರೂ ಎಂಟು ವರ್ಷ ಸುಮ್ಮನಿದ್ದ ಮೂಲೆ ಈಗ ಏಕೆ ಇಳಿಯಿತು? ಆ ಮೂಲೆಗೆ ಎರಡಡಿ ದೂರದಲ್ಲೇ ಬಚ್ಚಲಿನ ನೀರು ಹೋಗುವ ಪೈಪು ಹೂತಿತ್ತು. ಅಗೆಸಿ ನೋಡಿದಾಗ ಒಂದು ಜೋಡಣೆ ಬಿಟ್ಟುಕೊಂಡು, ಸುತ್ತಲ ಮಣ್ಣು ಕೆಸರಾಗಿ, ಕೈಯಲ್ಲಿ ಹಿಡಿದರೆ ಕೊಳೆತ ವಾಸನೆ ಬರುತ್ತಿತ್ತು. ದಿನವೂ ಬಚ್ಚಲ ನೀರು, ಮೇ ತಿಂಗಳಲ್ಲಿ ಅದರ ಜೊತೆಗೆ ಮಳೆ ನೀರು, ಎರಡೂ ಆ ಮೂಲೆಯ ಅಡಿಗೇ ಇಳಿಯುತ್ತಿದ್ದವು.

ಬೆಳೆಯುವ ಬಿರುಕಿನ ಮುಂದೆ ನಿಂತಾಗ ಮೊದಲು ನೀರನ್ನು ಹುಡುಕಿ: ಒಡೆದ ಪೈಪು, ಇಂಗುಗುಂಡಿ, ಚಾವಣಿ ನೀರು ಬೀಳುವ ಜಾಗ, ಗೋಡೆಯತ್ತ ಇಳಿಜಾರಾದ ಅಂಗಳ. ಎರೆ ಮಣ್ಣಿನಲ್ಲಾದರೆ ಇದಕ್ಕೆ ವಿರುದ್ಧವಾದುದನ್ನೂ ಹುಡುಕಿ. ಪಾಯದ ಪಕ್ಕದ ದೊಡ್ಡ ಮರ ಬೇಸಿಗೆಯಲ್ಲಿ ಮಣ್ಣಿನ ತೇವವನ್ನು ಹೀರಿ ಆ ಮೂಲೆಯನ್ನು ಇಳಿಸುತ್ತದೆ. ಹಾಗೆಂದು ಮರವನ್ನು ಒಮ್ಮೆಲೇ ಕಡಿಯಬೇಡಿ. ಹೀರುವುದು ನಿಂತ ಮೇಲೆ ಮಣ್ಣು ಉಬ್ಬಿ ಬೇರೆ ಬಿರುಕು ತರಬಹುದು.

ಈ ಹಂತದಲ್ಲಿ ಎಂಜಿನಿಯರ್ ಬೇಕೇ ಬೇಕು, ಅದೂ ನಿಮ್ಮ ಮನೆ ಕಟ್ಟಿದ ಗುತ್ತಿಗೆದಾರರಲ್ಲದವರು. ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್ ಮುಂತಾದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ಪಾಯ ಮತ್ತು ಮಣ್ಣಿನ ಕೆಲಸ ತಿಳಿದವರ ವಿಳಾಸ ಸಿಕ್ಕಬಹುದು. ಅವರು ಬಂದಾಗ ಅಳತೆಯ ಪುಸ್ತಕವನ್ನು ಕೈಗೆ ಕೊಡಿ. ಒಂದು ಸಲ ಬಂದು ನೋಡಿ ಹೋಗುವವರಿಗೆ ಆರು ತಿಂಗಳ ಅಂಕಿಗಳಿಗಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ನಮ್ಮಲ್ಲಿಗೆ ಬಂದ ಎಂಜಿನಿಯರ್ ಪುಸ್ತಕ ಓದಿ, "ಪಾಯದ ಕೆಳಗೆ ಕಾಂಕ್ರೀಟು ಹಾಕಿಸುವುದು ಕೊನೆಯ ಮಾತು. ಮೊದಲು ನೀರು ನಿಲ್ಲಿಸಿ, ಅಳೆಯುವುದನ್ನು ನಿಲ್ಲಿಸಬೇಡಿ" ಎಂದರು. ಜೂನ್ ಮೊದಲ ವಾರದಲ್ಲಿ ಪೈಪನ್ನು ಹೊಸದಾಗಿ ಹಾಕಿಸಿ, ಹತ್ತಡಿ ದೂರದ ಸಿಮೆಂಟ್ ಚರಂಡಿಗೆ ಸೇರಿಸಿದರು. ಕೆಸರು ಮಣ್ಣು ತೆಗೆದು, ಗರಸು ಮಣ್ಣನ್ನು ಆರಾರು ಇಂಚಿನ ಪದರವಾಗಿ ಹಾಕಿ ದಮ್ಮಸು ಮಾಡಿಸಿದರು. ಮನೆಯ ಸುತ್ತ ಮೂರಡಿ ಅಗಲ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟು ಹಾಸಿಸಿದರು.

ಜೂನ್ ಕೊನೆಗೆ 109.6. ಜುಲೈನಲ್ಲಿ 109.7. ಆಗಸ್ಟ್‌ನಲ್ಲಿ ಅದೇ 109.7. ನಾಲೆಗೆ ನೀರು ಬಂದು ಪಕ್ಕದ ಗದ್ದೆಗಳಲ್ಲಿ ನಾಟಿ ಆಯಿತು, ಬಿರುಕು ಅಲ್ಲಾಡಲಿಲ್ಲ. ಅಕ್ಟೋಬರಿನ ಭಾರಿ ಮಳೆಗಳ ನಡುವೆ 109.6, ನವೆಂಬರಿನಲ್ಲಿ 109.7, ಡಿಸೆಂಬರ್ ಮಧ್ಯಕ್ಕೆ 109.7. ವರ್ಷದಲ್ಲಿ ಒಟ್ಟು ತೆರೆದದ್ದು 1.3 ಮಿ.ಮೀ. ಅದರಲ್ಲಿ ಪೈಪು ಸರಿಹೋದ ಮೇಲೆ ತೆರೆದದ್ದು 0.2. ಜುಲೈನಿಂದಾಚೆಗೆ ಏನೂ ಇಲ್ಲ. ಮೂಲೆ ನಿಂತಿತು ಎಂದು ಎಂಜಿನಿಯರ್ ಒಪ್ಪಿದರು, ಪಾಯ ಅಗೆಯುವ ಖರ್ಚು ಉಳಿಯಿತು. ನಿಲ್ಲದಿದ್ದರೆ ಗಟ್ಟಿ ಮಣ್ಣು ಸಿಗುವ ಆಳಕ್ಕೆ ಆ ಮೂಲೆಯ ಪಾಯವನ್ನು ತುಂಡು ತುಂಡಾಗಿ ಅಗೆದು, ಕೆಳಗೆ ಕಾಂಕ್ರೀಟು ತುಂಬಬೇಕಾಗುತ್ತಿತ್ತು. ಅದು ಎಂಜಿನಿಯರ್ ಎದುರಿಗೇ ಆಗಬೇಕಾದ ಕೆಲಸ. ಒಮ್ಮೆಗೇ ಪೂರ್ತಿ ಅಗೆದರೆ ಗೋಡೆಯೇ ಬೀಳಬಹುದು.

ನಿಂತ ಬಿರುಕನ್ನು ಮುಚ್ಚುವುದು

ಆಗಷ್ಟೇ ರಿಪೇರಿಯ ಸರದಿ. ಬಿರುಕಿನ ಎರಡೂ ಕಡೆ ಒಂದೊಂದಡಿ ಪ್ಲಾಸ್ಟರ್ ಕಿತ್ತು, ಪ್ರತಿ ನಾಲ್ಕನೆಯ ಇಟ್ಟಿಗೆ ಸಾಲಿನಲ್ಲಿ ಅಡ್ಡ ಗಾರೆಯನ್ನು ಒಂದೂವರೆ ಇಂಚು ಆಳಕ್ಕೆ ಕೊರೆದು, ಆರು ಮಿ.ಮೀ. ದಪ್ಪದ ತುಕ್ಕು ಹಿಡಿಯದ ಸ್ಟೀಲ್ ಕಂಬಿಯನ್ನು ಬಿರುಕಿನ ಆಚೆ ಈಚೆ ಒಂದೂವರೆ ಅಡಿ ಹೋಗುವಂತೆ ಇಟ್ಟು, ಕುಗ್ಗದ ಗಾರೆ ತುಂಬಿದರು. ಹರಿದ ಬಟ್ಟೆಗೆ ಹೊಲಿಗೆ ಹಾಕಿದಂತೆ. ಕಂಬಿ ಉದ್ದಕ್ಕೆ ಇರಬೇಕಾದ ಕಡೆ ಮಾತ್ರ ಪ್ಲಾಸ್ಟರನ್ನು ಇನ್ನಷ್ಟು ಕಿತ್ತಿದ್ದರು. ಸೀಳಿದ ಇಟ್ಟಿಗೆಯನ್ನು ಬದಲಾಯಿಸಿ, ಜಾಲರಿ ಹೊಡೆದು, ಪ್ಲಾಸ್ಟರ್ ಮಾಡಿ, ಹತ್ತು ದಿನ ನೀರುಣಿಸಿದರು.

ಮೇಸ್ತ್ರಿ ಸ್ಕ್ರೂಗಳನ್ನು ಕೀಳಲು ಹೊರಟಾಗ ಅಕ್ಕ ತಡೆದರು. ಹೊಸ ಬಣ್ಣದ ಗೋಡೆಯ ಮೇಲೆ ಎರಡು ಕೆಂಪು ಚುಕ್ಕಿಗಳು ಚೆಂದ ಕಾಣುವುದಿಲ್ಲ ನಿಜ. ಆದರೂ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ, ಬೆಳಿಗ್ಗೆ ಏಳಕ್ಕೆ ಅವರು ಅಳೆದು ಹಾಲಿನ ಪುಸ್ತಕದಲ್ಲಿ ಬರೆಯುತ್ತಾರೆ. ಕಳೆದ ಏಪ್ರಿಲ್‌ನ ಅಂಕಿಯನ್ನು ಫೋನಿನಲ್ಲಿ ಹೇಳಿದರು: 109.7.